ಸಹಾಯ ಬೇಕು: ಎಟಿಪಿ, ಸಿಟ್ರೇಟ್ ಎರಡೂ ತಡೆದರೂ ಪಿತ್ತಜನಕಾಂಗದಲ್ಲಿ ಗ್ಲೈಕಾಲಿಸಿಸ್ ಹೇಗೆ ಓಡುತ್ತದೆ?

ಎಲ್ಲರಿಗೂ ನಮಸ್ಕಾರ. ಗ್ಲೈಕಾಲಿಸಿಸ್‌ನ ವೇಗ ನಿಯಂತ್ರಿಸುವ ಕಿಣ್ವ ಫಾಸ್ಫೊಫ್ರಕ್ಟೊಕೈನೇಸ್ (ಪಿಎಫ್‌ಕೆ) ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸ್ನಾಯುವಿನ ಕಥೆ ಅರ್ಥವಾಯಿತು. ಎಟಿಪಿ ಈ ಕಿಣ್ವಕ್ಕೆ ಕಚ್ಚಾವಸ್ತುವೂ ಹೌದು, ಜಾಸ್ತಿಯಾದರೆ ಬೇರೊಂದು ಜಾಗದಲ್ಲಿ ಕೂತು ತಡೆಯುವುದೂ ಹೌದು. ಜೋರಾಗಿ ಓಡುವಾಗ ಎಟಿಪಿ 5 ಮಿಲಿಮೋಲಾರ್‌ನಿಂದ 4.5ಕ್ಕೆ ಇಳಿಯಿತು ಅಂದುಕೊಳ್ಳಿ. ಇಳಿದದ್ದು ಬರೀ 10%. ಆದರೆ ಅಡೆನಿಲೇಟ್ ಕೈನೇಸ್ ಎರಡು ಎಡಿಪಿ ಸೇರಿಸಿ ಒಂದು ಎಟಿಪಿ, ಒಂದು ಎಎಂಪಿ ಮಾಡುತ್ತದೆ. ಮೊದಲು 0.1 ಇದ್ದ ಎಎಂಪಿ 0.6ರ ಹತ್ತಿರ ಹೋಗಬಹುದು, ಅಂದರೆ ಆರು ಪಟ್ಟು! ಪಿಎಫ್‌ಕೆ ಈ ದೊಡ್ಡ ಬದಲಾವಣೆಯನ್ನೇ ಕೇಳಿಸಿಕೊಂಡು ಚುರುಕಾಗುತ್ತದೆ. ಇದು ನನಗೆ ತುಂಬಾ ಇಷ್ಟವಾದ ಭಾಗ.

ತೊಡಕು ಪಿತ್ತಜನಕಾಂಗದಲ್ಲಿ. ಊಟವಾದ ಮೇಲೆ ಅಲ್ಲಿ ಎಟಿಪಿ ಸಾಕಷ್ಟಿದೆ, ಎಎಂಪಿ ಕಡಿಮೆ. ಸಿಟ್ರೇಟ್ ಕೂಡ ಮೈಟೊಕಾಂಡ್ರಿಯಾದಿಂದ ಹೊರಬಂದು ಎಟಿಪಿಯ ತಡೆಯನ್ನು ಇನ್ನಷ್ಟು ಬಿಗಿ ಮಾಡಬೇಕು. ಆದರೂ ಗ್ಲೈಕಾಲಿಸಿಸ್ ನಡೆಯುತ್ತದೆ. ಇನ್ಸುಲಿನ್‌ನಿಂದ ಫ್ರಕ್ಟೋಸ್-2,6-ಬಿಸ್‌ಫಾಸ್ಫೇಟ್ ಏರುವುದೇ ಕಾರಣ ಅಂತ ಓದಿದೆ. (1,6 ಅಲ್ಲ, ಅದು ಈ ಕಿಣ್ವದ ಉತ್ಪನ್ನ. ನಾನು ಮೊದಲು ಎರಡನ್ನೂ ಒಂದೇ ಅಂದುಕೊಂಡಿದ್ದೆ.)

ನನ್ನ ಪ್ರಶ್ನೆ: ಈ 2,6 ರೂಪವು ಪಿಎಫ್‌ಕೆಗೆ ತನ್ನ ಇನ್ನೊಂದು ಕಚ್ಚಾವಸ್ತು ಫ್ರಕ್ಟೋಸ್-6-ಫಾಸ್ಫೇಟ್ ಮೇಲಿರುವ ಹಿಡಿತ ಹೆಚ್ಚಿಸುತ್ತದೆ, ಎಟಿಪಿಯ ತಡೆ ಸಡಿಲಿಸುತ್ತದೆ ಅನ್ನುತ್ತಾರೆ. ಇವೆರಡೂ ಬೇರೆ ಬೇರೆ ಕೆಲಸಗಳೋ, ಅಥವಾ ಕಿಣ್ವ ಚುರುಕು ರೂಪಕ್ಕೆ ವಾಲುವುದರ ಎರಡು ಮುಖಗಳೋ? ಮತ್ತೆ, ಸಿಟ್ರೇಟ್ ಪೂರ್ತಿ ಸೋಲುತ್ತದೆಯೇ, ಇಲ್ಲ ವೇಗವನ್ನು ಸ್ವಲ್ಪವಾದರೂ ಹಿಡಿದಿಡುತ್ತದೆಯೇ? ಪ್ರಯೋಗ ಮಾಡಿ ನೋಡಿದವರಿದ್ದರೆ, ಫ್ರಕ್ಟೋಸ್-6-ಫಾಸ್ಫೇಟ್ ಪ್ರಮಾಣಕ್ಕೆ ವೇಗವನ್ನು ಹಾಕಿದ ಗ್ರಾಫ್‌ನಲ್ಲಿ ಎಸ್ ಆಕಾರದ ಗೆರೆ ಹೇಗೆ ಬದಲಾಗುತ್ತದೆ ಅಂತ ದಯವಿಟ್ಟು ಬಿಡಿಸಿ ಹೇಳಿ.