ತಿಂಗಳ ಒಪ್ಪಂದಕ್ಕೆ ಗ್ರಾಹಕರನ್ನು ಒಪ್ಪಿಸೋದು ಹೇಗೆ?

ಬಿಡಿಗೆಲಸ: ನಾನು ಫ್ರೀಲಾನ್ಸ್ ಡಿಸೈನರ್. ಒಂದೊಂದೇ ಕೆಲಸ ಹುಡುಕಿ ಮಾಡಿ ಸಾಕಾಗಿದೆ, ದುಡ್ಡೂ ತಡವಾಗಿ ಬರುತ್ತೆ. ಪ್ರತಿ ತಿಂಗಳು ಆದಾಯ ಬರೋಕೆ ಏನು ಮಾಡಬಹುದು?

ಬಣ್ಣದಪೆಟ್ಟಿಗೆ: ಟೆಂಪ್ಲೇಟ್, ಐಕಾನ್ ಮಾಡಿ ಮಾರಿ. ಒಮ್ಮೆ ಮಾಡಿಟ್ಟರೆ ಸಾಕು, ಆಮೇಲೆ ದುಡ್ಡು ಬರ್ತಾನೇ ಇರುತ್ತೆ.

ಹಳೇಕೈ: ಮಾರಬಹುದು, ಆದರೆ ಒಮ್ಮೆ ಮಾಡಿಟ್ಟರೆ ಸಾಕಾಗಲ್ಲ. ಸಾಫ್ಟ್‌ವೇರ್ ಬದಲಾದಾಗ ಫೈಲ್ ತಿದ್ದಬೇಕು, ಕೊಂಡವರ ಪ್ರಶ್ನೆಗೆ ಉತ್ತರಿಸಬೇಕು.

ಬಿಡಿಗೆಲಸ ಅವರೇ, ಮೊದಲು ನಿಮ್ಮ ಹಳೇ ಬಿಲ್‌ಗಳನ್ನು ತೆಗೆದು ನೋಡಿ. ಮತ್ತೆ ಮತ್ತೆ ಬಂದ ಗ್ರಾಹಕರು ಯಾರು? ತಿಂಗಳ ಒಪ್ಪಂದ ಕೇಳಬೇಕಾದ್ದು ಅವರನ್ನೇ. ಒಬ್ಬರು ಆರು ತಿಂಗಳಲ್ಲಿ 14 ಬ್ಯಾನರ್, 6 ಸುದ್ದಿಪತ್ರ, 2 ಪ್ರೆಸೆಂಟೇಶನ್ ಮಾಡಿಸಿದ್ದಾರೆ ಅಂದುಕೊಳ್ಳಿ. ಬ್ಯಾನರಿಗೆ 1 ಗಂಟೆ, ಸುದ್ದಿಪತ್ರಕ್ಕೆ 3, ಪ್ರೆಸೆಂಟೇಶನ್‌ಗೆ 8 ಹಿಡಿದರೆ ಒಟ್ಟು 48 ಗಂಟೆ. ಅಂದರೆ ತಿಂಗಳಿಗೆ 8. ಆ ಲೆಕ್ಕವನ್ನೇ ಅವರ ಮುಂದಿಡಿ: ತಿಂಗಳಿಗೆ 8 ಗಂಟೆ ನಿಮಗೇ ಮೀಸಲು, ಒಂದನೇ ತಾರೀಕಿಗೆ ಮುಂಗಡ ಬಂದರೆ ಕೆಲಸ ಶುರು. ಅದಕ್ಕಿಂತ ಜಾಸ್ತಿ ಆದರೆ ಬೇರೆ ಬಿಲ್. ತಡವಾಗಿ ದುಡ್ಡು ಬರುವ ಕಾಟ ಕಡಿಮೆಯಾಗೋದು ಈ ಮುಂಗಡದಿಂದಲೇ.

ಬಣ್ಣದಪೆಟ್ಟಿಗೆ: ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರೆ ಬೇಗ ಒಪ್ಪಿಬಿಡ್ತಾರೆ ಅಲ್ವಾ?

ಹಳೇಕೈ: ಒಪ್ಪುತ್ತಾರೆ, ಆಮೇಲೆ ಬಿಡಿ ಕೆಲಸಕ್ಕೂ ಅದೇ ದರ ಕೇಳುತ್ತಾರೆ. ಕೊಡಲೇಬೇಕಿದ್ದರೆ ಶೇಕಡ 10 ಕೊಡಿ. ಅದೂ ಮುಂಗಡ ಕೊಟ್ಟವರಿಗೆ ಮಾತ್ರ.

ವೆಬ್‌ಗೆಳತಿ: ನಾನು ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುತ್ತೇನೆ. ಬ್ಯಾಕಪ್, ಅಪ್‌ಡೇಟ್, ಸಣ್ಣಪುಟ್ಟ ತಿದ್ದುಪಡಿಗೆ ತಿಂಗಳ ಶುಲ್ಕ. ಹೋಸ್ಟಿಂಗ್ ಯಾವುದು ತಗೊಳ್ಳೋದು ಅಂತ ಬೇಕಿದ್ದರೆ ಹೇಳ್ತೀನಿ.

ಬಿಡಿಗೆಲಸ: ನಾನು ವೆಬ್‌ಸೈಟ್ ಕೆಲಸ ಮಾಡಲ್ಲ, ಪ್ರಿಂಟ್ ಮತ್ತು ಸೋಶಿಯಲ್ ಮೀಡಿಯಾ ಅಷ್ಟೇ. ಒಂದು ತಿಂಗಳು ಅವರು 3 ಗಂಟೆ ಮಾತ್ರ ಬಳಸಿದರೆ ಉಳಿದ 5 ಏನಾಗುತ್ತೆ?

ಹಳೇಕೈ: ಒಪ್ಪಂದಗಳು ಮುರಿದು ಬೀಳೋದು ಬಹಳ ಸಲ ಅಲ್ಲೇ. ಉಳಿದದ್ದನ್ನೆಲ್ಲ ಕೂಡಿಸುತ್ತಾ ಹೋದರೆ ಯಾವುದೋ ಒಂದು ತಿಂಗಳು 25 ಗಂಟೆ ಒಟ್ಟಿಗೆ ತಲೆ ಮೇಲೆ ಬೀಳುತ್ತೆ. ನಾನು ಮುಂದಿನ ಒಂದು ತಿಂಗಳಿಗೆ ಮಾತ್ರ ಬಿಡುತ್ತೇನೆ, ಆಮೇಲೆ ಇಲ್ಲ. ಸುಮ್ನೆ ದುಡ್ಡು ಹೋಗ್ತಿದೆ ಅಂತ ಅವರಿಗೆ ಅನಿಸಿದರೂ ಒಪ್ಪಂದ ನಿಲ್ಲಿಸುತ್ತಾರೆ. ಅದಕ್ಕೇ 20ನೇ ತಾರೀಕಿಗೆ ಉಳಿದ ಗಂಟೆ ತಿಳಿಸಿ, ಏನು ಮಾಡಬಹುದು ಅಂತ ನಾನೇ ಕೇಳುತ್ತೇನೆ.

ವೆಬ್‌ಗೆಳತಿ: ಒಂದು ತಿಂಗಳಿಗೂ ಬಿಡಬಾರದು. ಅವರು ಕೊಡೋದು ನೀವು ಸಮಯ ಕಾದಿಟ್ಟಿದ್ದಕ್ಕೆ.

ಹಳೇಕೈ: ನಿಮ್ಮ ಕೆಲಸದಲ್ಲಿ ಸರಿ, ಬಳಸದಿದ್ದರೂ ಸೈಟ್ ಕಾಯುತ್ತಿರುತ್ತೀರಿ. ಡಿಸೈನ್‌ನಲ್ಲಿ ಮಾಡಿಕೊಟ್ಟದ್ದು ಕಣ್ಣಿಗೆ ಕಾಣದಿದ್ದರೆ ಗ್ರಾಹಕರು ಒಪ್ಪಲ್ಲ.

ವೆಬ್‌ಗೆಳತಿ: ನಾನು ಒಪ್ಪಲಾರೆ. ಮೊದಲೇ ಬರೆದುಕೊಟ್ಟರೆ ಒಪ್ಪುತ್ತಾರೆ.

ಬಿಡಿಗೆಲಸ: ನನ್ನ ದೊಡ್ಡ ಗ್ರಾಹಕರ ಲೆಕ್ಕ ವಿಭಾಗ ಬಿಲ್ ಬಂದ 45 ದಿನಕ್ಕೇ ದುಡ್ಡು ಕೊಡೋದು. ಅವರು ಮುಂಗಡ ಕೊಡ್ತಾರಾ?

ಹಳೇಕೈ: ಕೆಲಸ ಶುರುವಾಗುವ 45 ದಿನ ಮೊದಲೇ ಮೂರು ತಿಂಗಳ ಬಿಲ್ ಒಟ್ಟಿಗೆ ಕಳಿಸಿ ನೋಡಿ. ಕೆಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಅವರ ಜೊತೆ ಬಿಡಿ ಕೆಲಸವನ್ನೇ ಮುಂದುವರಿಸಿ, ಮೊದಲ ಒಪ್ಪಂದ ಚಿಕ್ಕ ಗ್ರಾಹಕರ ಜೊತೆ ಮಾಡಿಕೊಳ್ಳಿ.