ರಿವರ್ಸ್ ಸರ್ಚ್ ಮಾಡಿದ್ರೆ ಬರೀ ಸ್ವೆಟರ್ ಅಂಗಡಿ ಬರ್ತಿದೆ! ಫೋಟೊ ಹಳೇದಾ, ಎಡಿಟ್ಟಾ?

ಶಿವು_ತಿಪಟೂರು
ಬೆಳಗ್ಗಿಂದ ತಲೆ ಕೆಟ್ಟೋಗಿದೆ. ನಮ್ಮ ಹಳೇ ವಿದ್ಯಾರ್ಥಿಗಳ ಗ್ರೂಪಲ್ಲಿ ಒಂದು ಫೋಟೊ ಓಡಾಡ್ತಿದೆ. ಪುಟ್ಟ ಹುಡುಗನೊಬ್ಬ ಅಳ್ತಿರೋ ತಂಗಿಯನ್ನ ತಬ್ಬಿಕೊಂಡು ಕೂತಿದಾನೆ. ‘ನಿನ್ನೆ ಗುಡ್ಡ ಕುಸಿದು ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು’ ಅಂತ ಬರಹ, ಜೊತೆಗೆ ದುಡ್ಡು ಹಾಕೋಕೆ ಒಂದು ಯುಪಿಐ ನಂಬರು. ಆಗ್ಲೇ ನಾಲ್ಕು ಜನ ಹಾಕಿದಾರೆ. ಗೂಗಲ್ ಲೆನ್ಸಲ್ಲಿ ಮೂರು ಸಲ ಹುಡುಕಿದೆ, ಬರೋದೆಲ್ಲ ಮಕ್ಕಳ ಸ್ವೆಟರು ಮಾರೋ ಸೈಟುಗಳು. ಅಂದ್ರೆ ಇದು ಹಿಂದೆ ಎಲ್ಲೂ ಬಂದಿಲ್ಲ, ಹೊಸ ಫೋಟೊನೇ ಅಂತಾನಾ? ಬೇಗ ಹೇಳಿ.

ಪಿಕ್ಸೆಲ್_ಪಮ್ಮಿ
ಎಕ್ಸಿಫ್ ನೋಡಿ ಗುರು, ಸರ್ಚೇ ಬೇಡ. ಕ್ಯಾಮೆರಾ, ತಾರೀಖು, ಟೈಮು ಎಲ್ಲ ಫೈಲ್ ಒಳಗೇ ಇರುತ್ತೆ.
```
exiftool photo.jpg
```

ಶಿವು_ತಿಪಟೂರು
ಮಾಡಿದೆ. ಅಗಲ ಎತ್ತರ ಬಿಟ್ರೆ ಏನೂ ಇಲ್ಲ. File Modification Date ಅಂತ ಇವತ್ತಿನ ತಾರೀಖು ತೋರಿಸ್ತಿದೆ. ಅಂದ್ರೆ ಇವತ್ತೇ ತೆಗೆದಿದ್ದಾ?

ಪಿಕ್ಸೆಲ್_ಪಮ್ಮಿ
ಎಕ್ಸಿಫ್ ಅಳಿಸಿದಾರೆ ಅಂದ್ರೇನೇ ಅನುಮಾನ. ಬೇಕಂತಲೇ ಅಳಿಸಿರ್ತಾರೆ. ಎಡಿಟ್ ಪಕ್ಕಾ.

ಹಳೇಕ್ಯಾಮೆರಾ
ಪಮ್ಮಿಯವರೇ, ಯಾರೂ ಬೇಕಂತ ಅಳಿಸಿಲ್ಲ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಅದು ಚಿತ್ರವನ್ನು ಚಿಕ್ಕದು ಮಾಡಿ ಹೊಸದಾಗಿ ಉಳಿಸುತ್ತದೆ, ಎಕ್ಸಿಫ್ ಅಲ್ಲೇ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದ್ದರೆ ಮಾತ್ರ ಉಳಿಯುತ್ತದೆ. ಶಿವು ಅವರು ನೋಡಿದ ತಾರೀಖು ಅವರ ಫೋನಿಗೆ ಫೈಲು ಇಳಿದ ದಿನ, ಅಷ್ಟೇ.

ಶಿವು, ನೀವು ಲೆನ್ಸಿಗೆ ಕೊಟ್ಟಿದ್ದು ಯಾವ ಫೈಲು? ಇಳಿಸಿಕೊಂಡ ಫೋಟೊವೇ, ಸ್ಕ್ರೀನ್‌ಶಾಟೇ?

ಶಿವು_ತಿಪಟೂರು
ಲೆನ್ಸಿಗೆ ಕೊಟ್ಟಿದ್ದು ಸ್ಕ್ರೀನ್‌ಶಾಟು, ಅದೇ ಅಲ್ವಾ ಎಲ್ಲರೂ ಮಾಡೋದು. ಮೇಲೆ ಗ್ರೂಪಿನ ಹೆಸರು, ಕೆಳಗೆ ಹಸಿರು ಪಟ್ಟಿ ಮೇಲೆ ಬರಹ. ನಂಬರೂ ಅದರಲ್ಲೇ ಇದೆ.

ಸುಮಾ_ಕುಂದಾಪುರ
ಅಯ್ಯೋ ಮಾರಾಯ್ರೆ, ಇದನ್ನ ಮೊದಲೇ ಹೇಳ್ಬೇಕಲ್ಲ! ಪಟ್ಟಿ, ಬರಹ, ಗ್ರೂಪಿನ ಹೆಸರು ಎಲ್ಲ ಕತ್ತರಿಸಿ ಮಕ್ಕಳ ಚಿತ್ರ ಮಾತ್ರ ಇಟ್ಟುಕೊಳ್ಳಿ. ಲೆನ್ಸ್ ತನಗೆ ತೋಚಿದ ಒಂದು ವಸ್ತುವಿನ ಸುತ್ತ ಚೌಕ ಹಾಕ್ತದೆ. ನಿಮ್ಮದ್ರಲ್ಲಿ ಬಟ್ಟೆ ಮೇಲೆ ಹಾಕಿರ್ಬೇಕು, ಅದಕ್ಕೇ ಅಂಗಡಿ ಬಂದದ್ದು. ಆ ಚೌಕದ ಮೂಲೆ ಎಳೆದು ಇಡೀ ಚಿತ್ರ ಒಳಗೆ ಬರೋ ಹಾಗೆ ಮಾಡಿ. ಆಮೇಲೆ Exact matches ಒತ್ತಿ. Visual matches ಅಂದ್ರೆ ಬರೀ ಹೋಲುವಂಥದ್ದು, ಅದು ನಮ್ಗೆ ಪ್ರಯೋಜನ ಇಲ್ಲ.

ಟೆಕ್_ತಿಮ್ಮ
ಲೆನ್ಸೆಲ್ಲಾ ವೇಸ್ಟು. ಯಾಂಡೆಕ್ಸ್ ಹಾಕಿ. ನಾನು ರೆವ್‌ಐ ಎಕ್ಸ್‌ಟೆನ್ಷನ್ ಇಟ್ಟಿದೀನಿ, ರೈಟ್ ಕ್ಲಿಕ್ ಮಾಡಿದ್ರೆ ಗೂಗಲ್, ಬಿಂಗ್, ಯಾಂಡೆಕ್ಸ್, ಟಿನ್‌ಐ ಎಲ್ಲ ಒಟ್ಟಿಗೇ ತೆರೆಯುತ್ತೆ. 34 ಇಂಚಿನ ಮಾನಿಟರಲ್ಲಿ ನಾಲ್ಕೂ ಪಕ್ಕಪಕ್ಕ. ಫೋನಲ್ಲಿ ಈ ಕೆಲಸ ಮಾಡೋರು ಪಾಪ.

ಸುಮಾ_ಕುಂದಾಪುರ
ಮಾನಿಟರ್ ದೊಡ್ಡದಿದ್ರೆ ಕತ್ತರಿಸದ ಸ್ಕ್ರೀನ್‌ಶಾಟು ದೊಡ್ಡದಾಗಿ ಕಾಣ್ತದೆ, ಅಷ್ಟೇ.

ಶಿವು_ತಿಪಟೂರು
ಕತ್ತರಿಸಿ ಹುಡುಕಿದೆ. ಒಂದೆರಡು ಬಂತು, ಆದ್ರೆ ಮಕ್ಕಳು ಎಡಬಲ ಉಲ್ಟಾ ಇದಾರೆ! ನಮ್ಮದ್ರಲ್ಲಿ ಹುಡುಗ ಒಂದು ಕಡೆ, ಅಲ್ಲಿ ಇನ್ನೊಂದು ಕಡೆ. ಬೇರೆ ಫೋಟೊ ಇರಬೇಕು.

ಟೆಕ್_ತಿಮ್ಮ
ಮಿರರ್ ಮಾಡಿದಾರೆ. ಇಮೇಜ್‌ಮ್ಯಾಜಿಕ್‌ನಲ್ಲಿ ಇದನ್ನ ಹಾಕಿ ತಿರುಗಿಸಿ, ಮತ್ತೆ ಹುಡುಕಿ:
```
magick in.jpg -flip out.jpg
```

ಶಿವು_ತಿಪಟೂರು
ಮಕ್ಕಳು ತಲೆಕೆಳಗಾದ್ರು ಸಾರ್.

ಹಳೇಕ್ಯಾಮೆರಾ
ಎಡಬಲ ಬದಲಾಯಿಸಲು `-flop`, ಮೇಲೆ ಕೆಳಗೆ ಮಾಡಲು `-flip`.
```
magick in.jpg -flop out.jpg
```
ಎಡಬಲ ತಿರುಗಿಸಿದ ಚಿತ್ರ ಕೆಲವು ಹುಡುಕಾಟಗಳಿಗೆ ಗುರುತೇ ಸಿಗುವುದಿಲ್ಲ. ಅದಕ್ಕೇ ಬಂದದ್ದು ಒಂದೆರಡು. ಎರಡೂ ರೂಪವನ್ನು ಕೊಟ್ಟು ನೋಡಿ.

ಪಿಕ್ಸೆಲ್_ಪಮ್ಮಿ
ತಿರುಗಿಸಿದಾರೆ ಅಂದ್ಮೇಲೆ ಎಡಿಟ್ ಅಂತ ಒಪ್ಕೊಂಡ ಹಾಗಾಯ್ತಲ್ಲ. ನಾನು ಫೋಟೊಫೊರೆನ್ಸಿಕ್ಸ್ ಸೈಟಲ್ಲಿ ಇಎಲ್ಎ, ಅಂದ್ರೆ ಎರರ್ ಲೆವೆಲ್ ಅನಾಲಿಸಿಸ್ ಹಾಕಿ ನೋಡಿದೆ. ಬರಹದ ಸುತ್ತ, ಹುಡುಗನ ಕೂದಲ ಅಂಚಲ್ಲಿ ಬೆಳ್ಳಗೆ ಮಿನುಗ್ತಿದೆ. ಹುಡುಗನನ್ನ ಬೇರೆ ಕಡೆಯಿಂದ ತಂದು ಅಂಟಿಸಿದಾರೆ.

ಹಳೇಕ್ಯಾಮೆರಾ
ಬರಹ ಮಿನುಗಲೇಬೇಕು, ಅದನ್ನು ಆಮೇಲೆ ಸೇರಿಸಿದ್ದಾರೆ. ಕೂದಲ ಅಂಚು ಯಾವ ಫೋಟೊದಲ್ಲಾದರೂ ಮಿನುಗುತ್ತದೆ, ಏಕೆಂದರೆ ಜೆಪೆಗ್ ಚಿತ್ರವನ್ನು ಕುಗ್ಗಿಸುವಾಗ ಚೂಪಾದ ಅಂಚಿನಲ್ಲಿ ಆಗುವ ತಪ್ಪು ಸಹಜವಾಗಿಯೇ ಹೆಚ್ಚು. ಇಎಲ್ಎ ಹುಡುಕುವುದು ಒಂದೇ ಚಿತ್ರದಲ್ಲಿ ಎರಡು ಭಾಗಗಳನ್ನು ಬೇರೆ ಬೇರೆ ಸಲ ಉಳಿಸಿದ ವ್ಯತ್ಯಾಸವನ್ನು. ಹತ್ತು ಕೈ ದಾಟಿ ವಾಟ್ಸಾಪಿನಲ್ಲಿ ಬಂದ ಚಿತ್ರದಲ್ಲಿ ಎಲ್ಲ ಭಾಗವೂ ಒಟ್ಟಿಗೆ ಪದೇಪದೇ ಅರೆದುಹೋಗಿರುತ್ತದೆ. ಅಲ್ಲಿ ಆ ವ್ಯತ್ಯಾಸ ಉಳಿಯುವುದಿಲ್ಲ.

ಗಡಿನಾಡ_ಗಣಪ
ನನ್ನದೂ ಇದೇ ಕತೆ, ಪರಿಹಾರ ಹೇಳಿ. ಮಳೆ ನೀರು ತುಂಬಿದ ಹೈವೇಲಿ ಕಾರಿನ ಪಕ್ಕ ಶಾರ್ಕ್ ಈಜ್ತಿರೋ ಫೋಟೊ. ಇಡೀ ಚಿತ್ರ ಹುಡುಕಿದ್ರೆ ಬೇರೆ ಬೇರೆ ಊರಿನ ಹೆಸರು ಬರ್ತವೆ.

ಹಳೇಕ್ಯಾಮೆರಾ
ನಿಮ್ಮದು ಇದೇ ಕತೆ ಅಲ್ಲ ಗಣಪಣ್ಣ, ಅದು ನಿಜವಾಗಿಯೂ ಅಂಟಿಸಿದ ಚಿತ್ರ. ಅಂಟಿಸಿದ್ದರಲ್ಲಿ ಇಡೀ ಚಿತ್ರ ಹುಡುಕಬಾರದು, ತುಂಡು ಹುಡುಕಬೇಕು. ಶಾರ್ಕ್ ಮಾತ್ರ ಕತ್ತರಿಸಿ ಕೊಡಿ. ದಕ್ಷಿಣ ಆಫ್ರಿಕಾದ ಕಡಲಲ್ಲಿ ಹಳದಿ ಕಯಾಕಿನ ಹಿಂದೆ ಬರುತ್ತಿರುವ ಶಾರ್ಕ್ ಸಿಗುತ್ತದೆ. ಥಾಮಸ್ ಪೆಶ್ಚಾಕ್ ತೆಗೆದ ಫೋಟೊ, 2005ರಲ್ಲಿ ಆಫ್ರಿಕಾ ಜಿಯೋಗ್ರಾಫಿಕ್‌ನಲ್ಲಿ ಬಂದಿತ್ತು. ಅದೇ ಶಾರ್ಕ್ 2011ರ ಐರೀನ್ ಚಂಡಮಾರುತದಲ್ಲಿ ಪೋರ್ಟೊ ರಿಕೊ ರಸ್ತೆಯಲ್ಲಿ ಈಜಿತು, 2017ರ ಹಾರ್ವೆಯಲ್ಲಿ ಹ್ಯೂಸ್ಟನ್ನಿನಲ್ಲೂ ಈಜಿತು.

ಶಿವು_ತಿಪಟೂರು
ಸಿಕ್ತು ಸಿಕ್ತು! `-flop` ಹಾಕಿದ ಮೇಲೆ ರಾಶಿ ಬಂತು. ಎಲ್ಲ 2015ರವು, ‘ನೇಪಾಳ ಭೂಕಂಪ, ನಾಲ್ಕು ವರ್ಷದ ಅಣ್ಣ ಎರಡು ವರ್ಷದ ತಂಗಿಯನ್ನ ಕಾಯ್ತಿದಾನೆ’ ಅಂತ. ಗ್ರೂಪಿಗೆ ಹಾಕ್ಬಿಡ್ತೀನಿ, ಇದು ನೇಪಾಳದ ಫೋಟೊ ಅಂತ.

ಟೆಕ್_ತಿಮ್ಮ
ಹೇಳಿದ್ನಲ್ಲ. ಕೇಸ್ ಕ್ಲೋಸ್.

ಹಳೇಕ್ಯಾಮೆರಾ
ಹಾಕಬೇಡಿ ಶಿವು, ಸ್ವಲ್ಪ ತಡೆಯಿರಿ. ‘ಇದು ನಿನ್ನೆಯದಲ್ಲ’ ಅನ್ನುವುದಕ್ಕೆ ಹಳೆಯ ಪ್ರತಿ ಒಂದು ಸಿಕ್ಕರೆ ಸಾಕು, ಅದು ನಿಮಗೆ ಸಿಕ್ಕಿದೆ. ‘ಇದು ಎಲ್ಲಿಯದು’ ಅನ್ನುವುದು ಬೇರೆಯೇ ಪ್ರಶ್ನೆ. ಸಾವಿರ ಪುಟಗಳು ನೇಪಾಳ ಅಂದರೂ ಅವೆಲ್ಲ ಒಬ್ಬರನ್ನೊಬ್ಬರು ನೋಡಿ ಬರೆದವು. ಭೂಕಂಪ ಆಗಿದ್ದು 2015ರ ಏಪ್ರಿಲ್ 25. ಅದಕ್ಕೂ ಮೊದಲು ಈ ಚಿತ್ರ ಎಲ್ಲಾದರೂ ಕಂಡಿದೆಯೇ ನೋಡಿ. ಕಂಡಿದ್ದರೆ ನೇಪಾಳವೂ ಸುಳ್ಳು.

ಟಿನ್‌ಐನಲ್ಲಿ Oldest ಅಂತ ಜೋಡಿಸಿ. ಒಂದು ಎಚ್ಚರಿಕೆ: ಅಲ್ಲಿ ಕಾಣುವ ತಾರೀಖು ಅವರ ಯಂತ್ರ ಆ ಪುಟವನ್ನು ಮೊದಲು ಕಂಡ ದಿನ, ಫೋಟೊ ಹಾಕಿದ ದಿನವಲ್ಲ. ಚಿತ್ರ ಅದಕ್ಕಿಂತ ಹಳೆಯದಿರಬಹುದು, ಹೊಸದಿರಲಾರದು. ಗೂಗಲ್ಲಿನಲ್ಲಿ ಪದಗಳಿಂದಲೂ ಹುಡುಕಿ:
```
Nepal brother sister photo Vietnam
```

ಶಿವು_ತಿಪಟೂರು
ವಿಯೆಟ್ನಾಂ ಯಾಕೆ ಬಂತು ಮಧ್ಯದಲ್ಲಿ? ಇರಲಿ, ಅದಕ್ಕಿಂತ ಒಳ್ಳೇದು ಸಿಕ್ಕಿದೆ. 2006ರ ಒಂದು ಬ್ಲಾಗ್ ಪುಟದಲ್ಲಿ ಇದೇ ಫೋಟೊ! ನೇಪಾಳನೂ ಸುಳ್ಳು, ಮುಗೀತು.

ಸುಮಾ_ಕುಂದಾಪುರ
ಆ ಪುಟ ತೆರೆದು ಫೋಟೊ ಎಲ್ಲಿದೆ ನೋಡಿದ್ರಾ? ಬರಹದ ಒಳಗೋ, ಪಕ್ಕದ ‘ಇದನ್ನೂ ಓದಿ’ ಸಾಲಲ್ಲೋ?

ಶಿವು_ತಿಪಟೂರು
ಪಕ್ಕದಲ್ಲಿ, ಚಿಕ್ಕದಾಗಿ. ಬರಹ ಏನೋ ಅಡುಗೆ ಬಗ್ಗೆ ಇದೆ.

ಸುಮಾ_ಕುಂದಾಪುರ
ಅದೇ ಎಡವಟ್ಟು ಆದದ್ದು. ಹುಡುಕಾಟ ತೋರಿಸಿದ್ದು ಆ ಅಡುಗೆ ಬರಹದ ತಾರೀಖು. ಪಕ್ಕದ ಸಾಲು ದಿನಾ ಬದಲಾಗ್ತಾ ಇರ್ತದೆ. ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ವಿಳಾಸ ನಕಲು ಮಾಡಿ ನೋಡಿ. ವರ್ಡ್‌ಪ್ರೆಸ್ ಸೈಟಾದ್ರೆ ಸಾಮಾನ್ಯವಾಗಿ ಅಪ್‌ಲೋಡ್ ಆದ ವರ್ಷ, ತಿಂಗಳು ಅದರಲ್ಲೇ ಇರ್ತದೆ.

ಶಿವು_ತಿಪಟೂರು
`/wp-content/uploads/2015/05/` ಅಂತಿದೆ. ಛೇ.

ಹಳೇಕ್ಯಾಮೆರಾ
ಮೇ 2015. ಭೂಕಂಪದ ನಂತರದ್ದೇ. ಆ 2006 ಬಿಟ್ಟುಬಿಡಿ.

ಈಗ ವಿಯೆಟ್ನಾಂ. ಈ ಚಿತ್ರ ನೇಪಾಳದ ಹೆಸರಲ್ಲಿ ಹರಡಿದಾಗಲೇ ಬಿಬಿಸಿ ಅದನ್ನು ತೆಗೆದವರನ್ನು ಹುಡುಕಿ ಮಾತಾಡಿಸಿತ್ತು. ಹೆಸರು ನಾ ಸೊನ್ ನ್ಗುಯೆನ್. ಅವರು ಹೇಳಿದ್ದಿಷ್ಟು: ಫೋಟೊ 2007ರ ಅಕ್ಟೋಬರಿನದು, ವಿಯೆಟ್ನಾಮಿನ ಉತ್ತರದ ಹಾ ಜಾಂಗ್ ಪ್ರಾಂತ್ಯದ ಕಾನ್ ತಿ ಹಳ್ಳಿಯದು. ಹ್ಮಾಂಗ್ ಸಮುದಾಯದ ಮಕ್ಕಳು ಮನೆ ಮುಂದೆ ಆಡುತ್ತಿದ್ದರು, ದೊಡ್ಡವರು ಹೊಲಕ್ಕೆ ಹೋಗಿದ್ದರು. ಹೊಸಬರನ್ನು ಕಂಡು ಹುಡುಗಿ ಅತ್ತಳು, ಹುಡುಗ ತಬ್ಬಿಕೊಂಡ. ಅವರು ಅದನ್ನು ತಮ್ಮ ಬ್ಲಾಗಿಗೆ ಹಾಕಿದ್ದರು. ಅಲ್ಲಿಂದ ಅದು ‘ಅನಾಥ ಮಕ್ಕಳು’ ಆಯಿತು, ಬರ್ಮಾ ಆಯಿತು, ಸಿರಿಯಾ ಯುದ್ಧ ಆಯಿತು, ಆಮೇಲೆ ನೇಪಾಳ. ಈಗ ನಿಮ್ಮ ಗುಡ್ಡ ಕುಸಿತ.

ಪಿಕ್ಸೆಲ್_ಪಮ್ಮಿ
ಅವರು ಹೇಳಿದ ತಕ್ಷಣ ನಂಬೋದಾ? ಯಾರು ಬೇಕಾದ್ರೂ ‘ನಾನೇ ತೆಗೆದಿದ್ದು’ ಅನ್ನಬಹುದು.

ಹಳೇಕ್ಯಾಮೆರಾ
ಈ ಸಲ ಪಮ್ಮಿಯವರ ಪ್ರಶ್ನೆ ಸರಿಯಾಗಿದೆ. ಊರು ಮತ್ತು 2007, ಎರಡಕ್ಕೂ ಆಧಾರ ಅವರ ಮಾತು. ಇಂಥ ಕಡೆ ನೋಡಬೇಕಾದ್ದು ಕತ್ತರಿಸದ ದೊಡ್ಡ ಪ್ರತಿ ಅವರ ಬಳಿ ಇದೆಯೇ, ಅದೇ ಹೊತ್ತಿನ ಹಿಂದುಮುಂದಿನ ಫ್ರೇಮುಗಳಿವೆಯೇ ಎಂದು. ಕದ್ದವರ ಬಳಿ ಅವು ಇರುವುದಿಲ್ಲ. ನೇಪಾಳ ಸುಳ್ಳು ಅನ್ನಲು ಮಾತ್ರ ಅಷ್ಟು ಬೇಕಿಲ್ಲ, ಏಪ್ರಿಲ್ 25ಕ್ಕಿಂತ ಹಿಂದಿನ ಒಂದು ಪ್ರತಿ ಸಾಕು. ಪದಗಳ ಹುಡುಕಾಟದಿಂದ Nepal ತೆಗೆದು ಇದನ್ನು ಸೇರಿಸಿ:
```
before:2015-04-25
```
ಸಿಕ್ಕ ಪುಟದ ತಾರೀಖನ್ನು ಸುಮಾ ಹೇಳಿದ ಹಾಗೆ ಮತ್ತೆ ಪರೀಕ್ಷಿಸಿ. ಪುಟ ಅಳಿಸಿದ್ದರೆ ವೇಬ್ಯಾಕ್ ಮೆಷೀನಿಗೆ ಆ ವಿಳಾಸ ಕೊಟ್ಟು ನೋಡಿ. ಅಲ್ಲಿ ಪ್ರತಿ ಉಳಿಸಿದ ದಿನ ವಿಳಾಸದಲ್ಲೇ 14 ಅಂಕಿಗಳಲ್ಲಿ ಇರುತ್ತದೆ, ಮೊದಲ ನಾಲ್ಕು ಅಂಕಿ ವರ್ಷವನ್ನು ಹೇಳುತ್ತವೆ. ಆದರೆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ವಿಳಾಸದ ಅಂಕಿ ಬೇರೆಯಾಗಿ ನೋಡಬೇಕು, ಪುಟ ಒಂದು ದಿನದ್ದು, ಒಳಗಿನ ಚಿತ್ರ ಇನ್ನೊಂದು ದಿನದ್ದು ಆಗಿರುವುದುಂಟು.

ಶಿವು_ತಿಪಟೂರು
ಬಿಬಿಸಿ ಕೊಂಡಿ ಗ್ರೂಪಿಗೆ ಹಾಕಿದೆ. ಒಬ್ರು, ‘ಫೋಟೊ ಎಡಿಟ್ ಅಲ್ಲ ಅಂತ ನೀನೇ ಹೇಳ್ತಿದೀಯ, ಮತ್ತೆ ಸುಳ್ಳು ಹೇಗಾಯ್ತು’ ಅಂತ ಜಗಳಕ್ಕೆ ನಿಂತಿದಾರೆ. ನಂಬರ್ ಹಾಕಿದವರು ಮೆಸೇಜ್ ಡಿಲೀಟ್ ಮಾಡಿದ್ರು. ದುಡ್ಡು ಹಾಕಿದ ನಾಲ್ಕು ಜನ ಏನ್ ಮಾಡ್ಬೇಕು?

ಸುಮಾ_ಕುಂದಾಪುರ
1930ಕ್ಕೆ ಕರೆ ಮಾಡ್ಲಿಕ್ಕೆ ಹೇಳಿ, ಸೈಬರ್ ವಂಚನೆಗೆ ಇರೋ ಸಹಾಯವಾಣಿ. ತಡ ಮಾಡಬೇಡಿ. ನಿಮ್ಮ ಸ್ಕ್ರೀನ್‌ಶಾಟನ್ನ ಅಳಿಸಬೇಡಿ. ಹುಡುಕ್ಲಿಕ್ಕೆ ಬೇಡದ ಆ ಹಸಿರು ಪಟ್ಟಿ, ನಂಬರು ಈಗ ಬೇಕು.

ಗಡಿನಾಡ_ಗಣಪ
ಶಾರ್ಕ್ ಸಿಕ್ತು, ಕಯಾಕೂ ಸಿಕ್ತು. ಕೆಳಗಿನ ಹೈವೇ ಯಾವ ಊರಿಂದು ಅಂತ ಹುಡುಕೋದು ಹೇಗೆ?

ಟೆಕ್_ತಿಮ್ಮ
ಶಾರ್ಕ್ ಜಾಗಕ್ಕೆ ಬಿಳಿ ಬಣ್ಣ ಬಳಿದು ಉಳಿದದ್ದನ್ನ ಹುಡುಕಿ. ನನ್ನ ಎರಡನೇ ಮಾನಿಟರಲ್ಲಿ ಇದಕ್ಕೇ ಅಂತ ಒಂದು ಸೆಟಪ್ ಇದೆ, ಫೋಟೊ ಹಾಕ್ತೀನಿ ಇರಿ.

ಪಿಕ್ಸೆಲ್_ಪಮ್ಮಿ
ಹುಡುಗನ ಕೂದಲು ಇನ್ನೂ ಮಿನುಗ್ತಿದೆ.