ರಾಜೀನಾಮೆ ಪತ್ರದಲ್ಲಿ ಮೊದಲು ತಾರೀಖು ನೋಡು

"ಅಕ್ಕಾ, ಎಂ.ಎಸ್ಸಿ. ನರ್ಸಿಂಗ್ ಮಾಡೋಕೆ ಆಸ್ಪತ್ರೆ ಬಿಡ್ತಿದ್ದೀನಿ. ಹೋದ ವರ್ಷ ಆಗಸ್ಟ್ 4ಕ್ಕೆ ಸೇರಿದ್ದು. ಒಂದು ತಿಂಗಳ ನೋಟಿಸ್ ಇದೆ. ಜುಲೈ 20ಕ್ಕೆ ಬಿಡೋಣ ಅಂತಿದ್ದೀನಿ. ಲೆಟರ್ ಹೇಗೆ ಬರೀಲಿ?"

ಪುಟ್ಟಿ, ಟೈಪ್ ಮಾಡ್ತಾ ಕೂತರೆ ರಾತ್ರಿಯಾಗುತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದ್ದೇನೆ. ಪೂರ್ತಿ ಕೇಳು.

ಜುಲೈ 20 ಬೇಡವೇ ಬೇಡ. ಬಿ.ಎಸ್ಸಿ. ಮಾಡಿದವರಿಗೆ ಎಂ.ಎಸ್ಸಿ. ಸೀಟು ಸಿಗಬೇಕಾದರೆ ಕನಿಷ್ಠ ಒಂದು ವರ್ಷದ ಅನುಭವ ಬೇಕು, ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮ ಅದು. ನಿನಗೆ ಇದು ಮೊದಲ ಕೆಲಸ ಅಲ್ವಾ? 20ಕ್ಕೆ ಬಿಟ್ಟರೆ ಎರಡು ವಾರ ಕಡಿಮೆ ಬೀಳುತ್ತೆ. ದಾಖಲೆ ನೋಡುವವರು ಸರ್ಟಿಫಿಕೇಟಿನಲ್ಲಿರುವ ತಾರೀಖು ನೋಡ್ತಾರೆ, ನಿನ್ನ ಮುಖ ನೋಡಲ್ಲ. ಜುಲೈ 10ಕ್ಕೆ ಲೆಟರ್ ಕೊಡು, ಕೊನೆಯ ಡ್ಯೂಟಿ ಆಗಸ್ಟ್ 10 ಅಂತ ಹಾಕು. ವರ್ಷವೂ ತುಂಬುತ್ತೆ, ನೋಟಿಸೂ ಮುಗಿಯುತ್ತೆ. ಅದಕ್ಕೂ ಮೊದಲು ಅಪಾಯಿಂಟ್‌ಮೆಂಟ್ ಆರ್ಡರ್ ತೆಗೆದು, ನೋಟಿಸ್ ಸಮಯದಲ್ಲಿ ರಜೆ ಹಾಕಿದರೆ ಏನು ಅಂತ ಓದು. ಎಷ್ಟೋ ಕಡೆ ಅಷ್ಟು ದಿನ ಮುಂದಕ್ಕೆ ತಳ್ತಾರೆ.

ಲೆಟರ್ ನರ್ಸಿಂಗ್ ಸೂಪರಿಂಟೆಂಡೆಂಟ್ ಹೆಸರಿಗೆ, ವಾರ್ಡ್ ಇನ್‌ಚಾರ್ಜ್ ಮೂಲಕ ಇರಲಿ. ಒಂದೇ ಪುಟ ಸಾಕು. ಇಂತಹ ದಿನ ಸೇರಿದೆ, ಇಂತಹ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ, ಉನ್ನತ ವ್ಯಾಸಂಗಕ್ಕಾಗಿ ರಾಜೀನಾಮೆ ಕೊಡುತ್ತಿದ್ದೇನೆ, ಆಗಸ್ಟ್ 10ರಂದು ಬಿಡುಗಡೆ ಮಾಡಿ, ಇಷ್ಟೇ. ರಾತ್ರಿ ಪಾಳಿ ಜಾಸ್ತಿ, ಸಂಬಳ ಸಾಲಲ್ಲ ಅನ್ನೋದೆಲ್ಲ ನಿಜವೇ ಇರಬಹುದು, ಆದರೆ ಅದು ಈ ಕಾಗದದಲ್ಲಿ ಬೇಡ. ನಾಳೆ ಅನುಭವ ಪತ್ರಕ್ಕೆ ಇದೇ ಮೇಡಂ ಸಹಿ ಹಾಕಬೇಕು.

ಕೊನೆಯಲ್ಲಿ ಒಂದು ಸಾಲು ಮಾತ್ರ ಮರೆಯಬೇಡ: "ಸೇರಿದ ಮತ್ತು ಬಿಟ್ಟ ದಿನಾಂಕ, ಕೆಲಸ ಮಾಡಿದ ವಿಭಾಗ ನಮೂದಿಸಿ ಅನುಭವ ಪತ್ರವನ್ನೂ ರಿಲೀವಿಂಗ್ ಲೆಟರನ್ನೂ ಕೊಡಬೇಕಾಗಿ ಕೋರುತ್ತೇನೆ." ಸುಮ್ನೆ "ಒಂದು ವರ್ಷ ಕೆಲಸ ಮಾಡಿದ್ದಾರೆ" ಅಂತ ಬರೆದುಕೊಟ್ಟರೆ ಅಡ್ಮಿಷನ್ ಹೊತ್ತಲ್ಲಿ ಮತ್ತೆ ಇವರ ಬಾಗಿಲಿಗೇ ಬರಬೇಕಾಗುತ್ತೆ.

ಎರಡು ಪ್ರತಿ ಒಯ್ಯಿ. ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೋ. ನನ್ನ ಜೊತೆ ಇದ್ದ ಒಬ್ಬಳು ಬಾಯಲ್ಲಿ ಹೇಳಿ, ಲೆಟರನ್ನು ಮೇಜಿನ ಮೇಲಿಟ್ಟು ಬಂದಳು. ಎರಡು ವಾರ ಆದಮೇಲೆ "ನಮಗೆ ಬಂದೇ ಇಲ್ಲ" ಅಂದರು. ನೋಟಿಸ್ ಹೊಸದಾಗಿ ಶುರುವಾಯಿತು. ಎಚ್‌ಆರ್‌ಗೆ ಅದೇ ದಿನ ಮೇಲ್ ಕೂಡ ಹಾಕಿಬಿಡು.

ಕೊನೆಯ ವಾರ ನೋ ಡ್ಯೂಸ್ ಫಾರ್ಮ್ ಹಿಡಿದು ಓಡಾಡಬೇಕು. ಐಡಿ ಕಾರ್ಡ್, ಲಾಕರ್ ಕೀ, ಹಾಸ್ಟೆಲ್ ಬಾಕಿ ಇದ್ದದ್ದೇ. ನೀನು ಐಸಿಯುನವಳು, ನಾರ್ಕೋಟಿಕ್ ಕಪಾಟಿನ ಕೀ ನಿನ್ನ ಕೈಗೆ ಬರ್ತಾ ಇದ್ದರೆ ಆಂಪೂಲ್ ಎಣಿಸಿ, ರಿಜಿಸ್ಟರಿಗೆ ತಾಳೆ ನೋಡಿ, ತಗೊಂಡವರ ಸಹಿ ಹಾಕಿಸಿಯೇ ಕೊಡು. ಸೇರುವಾಗ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಟುಕೊಂಡಿದ್ದರೆ ಅದನ್ನೂ ಲೆಟರಿನಲ್ಲೇ ಕೇಳು. ಬರೆದಾದ ಮೇಲೆ ಇಲ್ಲಿ ಫೋಟೋ ಹಾಕು, ನೋಡ್ತೀನಿ.